ಬಸ್ ಕೆಟ್ಟಿದೆ, 10.15ಕ್ಕೆ ಬರ್ತೀನಿ

ಬೆಳಿಗ್ಗೆ ಕೆಲಸಕ್ಕೆ ಹೊರಟ ಹೊತ್ತಿನಲ್ಲಿ ಬಸ್ಸು ನಡುರಸ್ತೆಯಲ್ಲಿ ಕೆಟ್ಟು ನಿಂತರೆ ಒಳಗಿದ್ದವರೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಫೋನ್ ಕೈಗೆ ತೆಗೆದುಕೊಳ್ಳುತ್ತಾರೆ. ಕೆಲವರು ಮನೆಗೆ ಹೇಳುತ್ತಾರೆ, ಹೆಚ್ಚಿನವರು ಆಫೀಸಿಗೆ ಹೇಳಬೇಕಾಗಿರುತ್ತದೆ. ಆ ಗಾಬರಿಯಲ್ಲಿ ಬರೆದ ಸಂದೇಶ ಸಾಮಾನ್ಯವಾಗಿ ಹೀಗಿರುತ್ತದೆ: ‘ಸಾರಿ ಮೇಡಂ, ತುಂಬಾ ಸಾರಿ. ನಾನು ಏಳೂವರೆಗೇ ಮನೆ ಬಿಟ್ಟಿದ್ದೆ. ಬಸ್ ಕೆಟ್ಟೋಯ್ತು ಮೇಡಂ, ಏನ್ಮಾಡೋದು ಗೊತ್ತಾಗ್ತಿಲ್ಲ. ಆದಷ್ಟು ಬೇಗ ಬರ್ತೀನಿ. ದಯವಿಟ್ಟು ತಪ್ಪು ತಿಳ್ಕೋಬೇಡಿ, ಸಾರಿ.’

ಇದನ್ನು ಬರೆದವರ ಪ್ರಾಮಾಣಿಕತೆಯ ಬಗ್ಗೆ ಅನುಮಾನ ಬೇಡ. ಆದರೆ ಇದನ್ನು ಓದುವ ಮ್ಯಾನೇಜರ್ ಆ ಹೊತ್ತಿಗೆ ಎಲ್ಲಿರುತ್ತಾರೆ, ಅವರಿಗೆ ಏನು ಬೇಕಾಗಿರುತ್ತದೆ ಎಂದು ಯೋಚಿಸಿ. ಅವರು ತಮ್ಮ ಕಾರಿನಲ್ಲಿ ಸಿಗ್ನಲ್ ಬಳಿ ನಿಂತಿರಬಹುದು, ಇಲ್ಲವೇ ಆಗಲೇ ಆಫೀಸಿಗೆ ಬಂದು ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ನೋಡುತ್ತಿರಬಹುದು. ಅವರಿಗೆ ಬೇಕಾದದ್ದು ಎರಡೇ ಸಂಗತಿ. ನೀವು ಎಷ್ಟು ಹೊತ್ತಿಗೆ ಬರುತ್ತೀರಿ? ಅಲ್ಲಿಯವರೆಗೆ ನಿಮ್ಮ ಕೆಲಸದಲ್ಲಿ ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ? ಮೇಲಿನ ಸಂದೇಶದಲ್ಲಿ ಕ್ಷಮೆ ಮೂರು ನಾಲ್ಕು ಸಲ ಇದೆ, ಈ ಎರಡಕ್ಕೆ ಉತ್ತರ ಒಂದು ಸಲವೂ ಇಲ್ಲ. ‘ಆದಷ್ಟು ಬೇಗ’ ಅಂದರೆ ಹತ್ತು ನಿಮಿಷವೂ ಆಗಬಹುದು, ಒಂದೂವರೆ ಗಂಟೆಯೂ ಆಗಬಹುದು.

ಒಂದು ನಿಜವಾದ ಮಾರ್ಗವನ್ನೇ ಹಿಡಿದು ನೋಡೋಣ. ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಹೊರವರ್ತುಲ ರಸ್ತೆಯಲ್ಲಿ ಓಡುವ ಬಿಎಂಟಿಸಿಯ 500-ಡಿ ಬಸ್ಸು ನಾಗವಾರ, ಹೆಣ್ಣೂರು ಕ್ರಾಸ್, ರಾಮಮೂರ್ತಿನಗರ, ಟಿನ್ ಫ್ಯಾಕ್ಟರಿ, ಮಾರತ್ತಹಳ್ಳಿ ದಾಟಿ ಬೆಳ್ಳಂದೂರಿಗೆ ಬರುತ್ತದೆ. ಹೆಬ್ಬಾಳದಲ್ಲಿ ಹತ್ತಿದ ಒಬ್ಬ ಹೆಣ್ಣುಮಗಳು ಬೆಳ್ಳಂದೂರಿನ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ ಎಂದುಕೊಳ್ಳಿ. ಆಫೀಸು 9.30ಕ್ಕೆ. 10 ಗಂಟೆಗೆ ಸಪ್ಲೈಯರ್‌ಗಳ ಬಾಕಿ ಹಣದ ಬಗ್ಗೆ ಒಂದು ಕಾಲ್ ಇದೆ, ಅದರ ಪಟ್ಟಿ ತಯಾರಿಸಿದ್ದು ಅವಳೇ. 8.40ಕ್ಕೆ, ಟಿನ್ ಫ್ಯಾಕ್ಟರಿ ಇನ್ನೇನು ಬಂತು ಅನ್ನುವಾಗ, ಬಸ್ಸು ನಿಲ್ಲುತ್ತದೆ. ಕೆಳಗಿನಿಂದ ‘ಸುಯ್’ ಎಂದು ಗಾಳಿ ಸೋರುವ ಸದ್ದು ಕೇಳಿಸುತ್ತದೆ.

ಈ ಸದ್ದಿಗೆ ಅರ್ಥವಿದೆ, ಅದು ಗೊತ್ತಿದ್ದರೆ ಮುಂದಿನ ಲೆಕ್ಕ ಸುಲಭ. ಬಸ್ಸಿನ ಬ್ರೇಕು ಕೆಲಸ ಮಾಡುವುದು ಒತ್ತಡದಲ್ಲಿ ತುಂಬಿಟ್ಟ ಗಾಳಿಯಿಂದ. ಪಾರ್ಕಿಂಗ್ ಬ್ರೇಕಿನ ಒಳಗೆ ಬಲವಾದ ಸ್ಪ್ರಿಂಗ್ ಇರುತ್ತದೆ. ಆ ಸ್ಪ್ರಿಂಗನ್ನು ಹಿಂದಕ್ಕೆ ಒತ್ತಿ ಹಿಡಿದು ಚಕ್ರವನ್ನು ಬಿಡುವುದು ಗಾಳಿಯೇ. ಪೈಪು ಒಡೆದು ಗಾಳಿ ಸೋರಿದರೆ ಸ್ಪ್ರಿಂಗು ಮುಂದೆ ಬಂದು ಬ್ರೇಕನ್ನು ಹಿಡಿದುಬಿಡುತ್ತದೆ. ಗಾಳಿ ಹೋದರೆ ಬಸ್ಸು ಬ್ರೇಕಿಲ್ಲದೆ ನುಗ್ಗಬಾರದು, ಇದ್ದಲ್ಲೇ ನಿಲ್ಲಬೇಕು ಎಂದೇ ಇದನ್ನು ಹೀಗೆ ಮಾಡಿದ್ದಾರೆ. ಆದರೆ ಇದರಿಂದ ಡ್ರೈವರಿಗೆ ಬಸ್ಸನ್ನು ರಸ್ತೆಯ ಅಂಚಿಗೆ ಒಯ್ಯುವುದೂ ಕಷ್ಟವಾಗುತ್ತದೆ. ಬಸ್ಸು ನಿಂತ ಲೇನಿನಲ್ಲೇ ಉಳಿಯುತ್ತದೆ, ಹಿಂದೆ ವಾಹನಗಳು ಸಾಲುಗಟ್ಟುತ್ತವೆ. ನೀವು ಹತ್ತಬೇಕಾದ ಮುಂದಿನ ಬಸ್ಸೂ ಅದೇ ಸಾಲಿನಲ್ಲಿ ಸಿಕ್ಕಿಕೊಂಡಿರುತ್ತದೆ. ಗಾಳಿ ಸೋರಿ ನಿಂತ ಬಸ್ಸು ‘ಐದು ನಿಮಿಷದಲ್ಲಿ ಹೊರಡುತ್ತೆ’ ಎಂದು ಯಾರಾದರೂ ಹೇಳಿದರೆ ಆ ಐದು ನಿಮಿಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಇಂಜಿನ್ ಬಿಸಿಯಾಗಿ ನಿಂತದ್ದಾದರೆ ಸ್ವಲ್ಪ ಹೊತ್ತು ಆರಲು ಬಿಟ್ಟು, ನೀರು ಹಾಕಿ, ಮತ್ತೆ ಹೊರಡುವುದುಂಟು. ಟೈರು ಪಂಕ್ಚರ್ ಆಗಿದ್ದರೆ, ಕ್ಲಚ್ ಹೋಗಿದ್ದರೆ ಆ ಬಸ್ಸಿನ ಆಸೆ ಬಿಟ್ಟು ಇಳಿಯುವುದೇ ಸರಿ.

ಇಳಿಯುವ ಮೊದಲು ಕಂಡಕ್ಟರನ್ನು ಕೇಳಬೇಕಾದದ್ದು ಒಂದೇ ಮಾತು: ‘ಹಿಂದಿನ ಬಸ್ಸು ಎಲ್ಲಿದೆ ಸರ್?’ ಬಸ್ಸು ಕೆಟ್ಟಾಗ ಪ್ರಯಾಣಿಕರನ್ನು ಅದೇ ಟಿಕೆಟಿನಲ್ಲಿ ಹಿಂದೆ ಬರುವ ಬಸ್ಸಿಗೆ ಹತ್ತಿಸುವುದು ಕಂಡಕ್ಟರರೇ, ಆದ್ದರಿಂದ ಟಿಕೆಟು ಬಿಸಾಡಬೇಡಿ. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಇದ್ದರೂ ಅಷ್ಟೇ. ಹಿಂದಿನ ಬಸ್ಸು ಎಲ್ಲಿದೆ ಎಂದು ಅವರಿಗೆ ತಿಳಿಯದಿದ್ದರೆ ‘ನಮ್ಮ ಬಿಎಂಟಿಸಿ’ ಆ್ಯಪಿನಲ್ಲಿ ನೋಡಬಹುದು. ಬಸ್ಸುಗಳು ಎಲ್ಲಿವೆ ಎಂದು ತೋರಿಸುವ ಈ ಆ್ಯಪ್ 2023ರಿಂದ ಬಳಕೆಯಲ್ಲಿದೆ.

ಈಗ ಲೆಕ್ಕ. ಹಿಂದಿನ ಬಸ್ಸು ಹತ್ತು ನಿಮಿಷದಲ್ಲಿ ಬರುತ್ತದೆ ಎಂದು ಗೊತ್ತಾಯಿತು. ಆದರೆ ಅದು ಆಗಲೇ ತುಂಬಿರುತ್ತದೆ, ಕೆಟ್ಟ ಬಸ್ಸಿನಿಂದ ಇಳಿದವರೆಲ್ಲ ಅದಕ್ಕೇ ನುಗ್ಗುತ್ತಾರೆ. ಆದ್ದರಿಂದ ಲೆಕ್ಕ ಹಾಕಬೇಕಾದದ್ದು ಮೊದಲ ಬಸ್ಸಿನಿಂದಲ್ಲ, ಅದರ ನಂತರದ ಬಸ್ಸಿನಿಂದ. ಅದಕ್ಕೆ 25 ನಿಮಿಷ ಎಂದಿಟ್ಟುಕೊಳ್ಳಿ. ಅಲ್ಲಿಂದ ಬೆಳ್ಳಂದೂರಿಗೆ ಬೇರೆ ದಿನ 40 ನಿಮಿಷವಾದರೆ ಇಂದು 50. ಸ್ಟಾಪಿನಿಂದ ಆಫೀಸಿನ ಒಳಗೆ ಹೋಗಿ ಕೂರಲು 10 ನಿಮಿಷ. 8.40ಕ್ಕೆ ಇಷ್ಟೂ ಸೇರಿಸಿದರೆ 10.05. ಹೇಳಬೇಕಾದ ಸಮಯ 10.15. 10.15 ಎಂದು ಹೇಳಿ 10.05ಕ್ಕೆ ಬಂದರೆ ಯಾರಿಗೂ ತೊಂದರೆಯಿಲ್ಲ. ‘9.45ಕ್ಕೆ ಬರ್ತೀನಿ’ ಎಂದು ಹೇಳಿ ಆಮೇಲೆ ‘10 ಗಂಟೆಗೆ’, ಇನ್ನೊಮ್ಮೆ ‘ಇನ್ನೊಂದು ಹತ್ತು ನಿಮಿಷ’ ಎಂದು ಮುಂದೂಡುತ್ತ ಹೋದರೆ ಮ್ಯಾನೇಜರ್ ಮೂರು ಸಲ ತಮ್ಮ ಯೋಜನೆ ಬದಲಿಸಬೇಕಾಗುತ್ತದೆ. ನಿಜವಾಗಿ ಸಿಟ್ಟು ಬರುವುದು ಇಲ್ಲಿ. ಬಸ್ಸು ಕೆಟ್ಟದ್ದನ್ನು ಎಲ್ಲರೂ ಒಪ್ಪುತ್ತಾರೆ. ಹೇಳಿದ ಸಮಯ ಮತ್ತೆ ಮತ್ತೆ ಜಾರುವುದನ್ನು ಯಾರೂ ಒಪ್ಪುವುದಿಲ್ಲ.

ಈ ಲೆಕ್ಕಕ್ಕೆ ಐದು ನಿಮಿಷ ಸಾಕು. ಅಷ್ಟಾದ ಮೇಲೆ ಅವಳು ಬರೆಯಬೇಕಾದದ್ದು ಇಷ್ಟು:

‘ಮೇಡಂ, ಟಿನ್ ಫ್ಯಾಕ್ಟರಿ ಹತ್ರ ನಮ್ಮ ಬಸ್ ಕೆಟ್ಟು ನಿಂತಿದೆ. ಬೇರೆ ಬಸ್ ಹಿಡಿದು 10.15ರೊಳಗೆ ಬರ್ತೀನಿ. 10 ಗಂಟೆ ಕಾಲ್‌ಗೆ ಬೇಕಾದ ಪಟ್ಟಿ ನಿನ್ನೆ ಸಂಜೆನೇ ನಿಮಗೆ ಮೇಲ್ ಮಾಡಿದ್ದೀನಿ, ನಾನಿಲ್ಲದೆಯೂ ಶುರು ಮಾಡಬಹುದು. ತೊಂದರೆ ಆಗಿದ್ದಕ್ಕೆ ಕ್ಷಮಿಸಿ.’

ಮೊದಲ ವಾಕ್ಯದಲ್ಲಿ ಕಾರಣದ ಜೊತೆಗೆ ಜಾಗದ ಹೆಸರಿದೆ. ‘ಬಸ್ ಕೆಟ್ಟಿದೆ’ ಎಂದಷ್ಟೇ ಹೇಳಿದರೆ ಎಷ್ಟು ದೂರದಲ್ಲಿದ್ದೀರಿ ಎಂದು ತಿಳಿಯುವುದಿಲ್ಲ. ಟಿನ್ ಫ್ಯಾಕ್ಟರಿ ಅಂದಕೂಡಲೇ ಆ ರಸ್ತೆ ಬಲ್ಲವರಿಗೆ ಎಲ್ಲ ಅರ್ಥವಾಗುತ್ತದೆ, ಮುಂದಿನ ವಾಕ್ಯದ 10.15ನ್ನು ನಂಬಲು ಅದೇ ಆಧಾರವಾಗುತ್ತದೆ. ಗಾಳಿ ಸೋರಿದ ಸಂಗತಿ, ಡ್ರೈವರ್ ಏನೆಂದರು, ಎಷ್ಟು ಹೊತ್ತಿಗೆ ಮನೆ ಬಿಟ್ಟೆ ಎಂಬುದು ಯಾವುದೂ ಇಲ್ಲಿ ಬೇಕಾಗಿಲ್ಲ. ಗಾಳಿಯ ವಿಷಯ ಬೇಕಾದದ್ದು ಸಮಯದ ಲೆಕ್ಕ ಹಾಕಲು, ಮ್ಯಾನೇಜರಿಗೆ ವಿವರಿಸಲು ಅಲ್ಲ.

ಮೂರನೆಯ ವಾಕ್ಯವನ್ನು ಜನ ಹೆಚ್ಚಾಗಿ ಮರೆಯುತ್ತಾರೆ. ನನ್ನ ಮಟ್ಟಿಗೆ ಇಡೀ ಸಂದೇಶದಲ್ಲಿ ಅತಿ ಮುಖ್ಯವಾದದ್ದು ಅದೇ. ತಡವಾಗಿ ಬರುವುದರಿಂದ ಆಗುವ ನಷ್ಟ ಕುರ್ಚಿ ಖಾಲಿ ಇರುವುದಲ್ಲ. ಆ ಹೊತ್ತಿನಲ್ಲಿ ನಿಮ್ಮಿಂದ ಆಗಬೇಕಾದ ಒಂದು ನಿರ್ದಿಷ್ಟ ಕೆಲಸ ನಿಲ್ಲುವುದು. ಆ ಕೆಲಸ ಯಾವುದೆಂದು ನಿಮಗೆ ಗೊತ್ತು, ಮ್ಯಾನೇಜರಿಗೆ ತಕ್ಷಣ ನೆನಪಾಗದೆ ಇರಬಹುದು. ಪಟ್ಟಿ ಎಲ್ಲಿದೆ, ಬೀಗದ ಕೈ ಯಾರ ಬಳಿ ಇದೆ, ಹತ್ತು ಗಂಟೆಗೆ ಬರುವ ಗಿರಾಕಿಗೆ ಯಾರು ಉತ್ತರಿಸಬೇಕು ಎಂದು ಹೇಳಿದರೆ ಅರ್ಧ ತೊಂದರೆ ಅಲ್ಲೇ ನೀಗುತ್ತದೆ. ಹಾಗೆ ಕಾಯುವಂಥ ಕೆಲಸ ಏನೂ ಇಲ್ಲದ ದಿನ ಈ ವಾಕ್ಯವನ್ನು ಬಿಟ್ಟುಬಿಡಿ. ಸುಮ್ಮನೆ ತುಂಬಿಸಲು ‘ಬಂದ ಕೂಡಲೇ ಎಲ್ಲಾ ಮುಗಿಸ್ತೀನಿ’ ಎಂದು ಬರೆಯಬೇಕಾಗಿಲ್ಲ.

ಇನ್ನು ಕ್ಷಮೆ. ಅದು ಕೊನೆಯಲ್ಲಿದೆ, ಒಂದೇ ಸಲ ಇದೆ, ಒಂದು ಸಂಗತಿಗೆ ಮಾತ್ರ ಇದೆ. ಬಸ್ಸು ಕೆಟ್ಟದ್ದು ನಿಮ್ಮ ತಪ್ಪಲ್ಲ, ಅದಕ್ಕೆ ನೀವು ಕ್ಷಮೆ ಕೇಳುವಂತಿಲ್ಲ. ಆದರೆ ನಿಮಗಾಗಿ ಇನ್ನೊಬ್ಬರು ಕಾಯಬೇಕಾಯಿತು, ತಮ್ಮ ಕೆಲಸದ ಕ್ರಮ ಬದಲಿಸಬೇಕಾಯಿತು. ಕ್ಷಮೆ ಸಲ್ಲುವುದು ಅದಕ್ಕೆ. ಅದನ್ನು ಒಂದು ಸಲ ಕೇಳಿದರೆ ಸಾಕು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಸಂಗಡಿಗರು ಕ್ಷಮೆ ಕೇಳುವ ಮಾತಿನ ಒಳಗೆ ಏನೇನಿರುತ್ತದೆ, ಅದರಲ್ಲಿ ಯಾವುದು ಕೇಳುವವರಿಗೆ ನಾಟುತ್ತದೆ ಎಂದು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಅವರು ಕಂಡುಕೊಂಡಂತೆ ಹೆಚ್ಚು ತೂಕವಿರುವುದು ಹೊಣೆ ಒಪ್ಪಿಕೊಳ್ಳುವ ಮಾತಿಗೆ, ಅದರ ನಂತರ ಆದದ್ದನ್ನು ಸರಿಪಡಿಸುತ್ತೇನೆ ಎನ್ನುವ ಮಾತಿಗೆ. ‘ನನ್ನನ್ನು ಕ್ಷಮಿಸಿಬಿಡಿ’ ಎಂದು ಕೇಳಿಕೊಳ್ಳುವುದು ಎಲ್ಲಕ್ಕಿಂತ ಕೊನೆಯಲ್ಲಿತ್ತು. ನಮ್ಮ ಸಂದೇಶದಲ್ಲಿ ಸರಿಪಡಿಸುವ ಮಾತು ಎಂದರೆ 10.15 ಎಂಬ ಸಮಯ ಮತ್ತು ಪಟ್ಟಿ ಎಲ್ಲಿದೆ ಎಂಬ ಮಾಹಿತಿ. ಅವೆರಡೂ ಇದ್ದಾಗ ಕ್ಷಮೆಯ ಒಂದು ಸಾಲಿಗೆ ಬೆಲೆ ಬರುತ್ತದೆ. ಅವು ಇಲ್ಲದಿದ್ದರೆ ಎಷ್ಟು ಸಲ ‘ಸಾರಿ’ ಎಂದರೂ ಮ್ಯಾನೇಜರ್ ಮರಳಿ ಕೇಳುವುದು ‘ಎಷ್ಟೊತ್ತಿಗೆ ಬರ್ತೀರಿ?’ ಎಂದೇ.

ಪದೇ ಪದೇ ಕ್ಷಮೆ ಕೇಳುವುದರಲ್ಲಿ ಇನ್ನೊಂದು ತೊಡಕಿದೆ. ಪ್ರತಿ ಸಾರಿಗೂ ಎದುರಿನವರು ‘ಪರವಾಗಿಲ್ಲ ಬಿಡಿ’ ಎನ್ನಬೇಕಾಗುತ್ತದೆ. ತೊಂದರೆ ಆದದ್ದು ಅವರಿಗೆ, ಸಮಾಧಾನ ಹೇಳಬೇಕಾದವರೂ ಅವರೇ. ಆಫೀಸಿಗೆ ಬಂದ ಮೇಲೂ ಇದೇ ಮುಂದುವರಿಯುವುದುಂಟು. ಬಾಗಿಲಲ್ಲೊಮ್ಮೆ, ಕಾಲ್ ಮುಗಿದ ಮೇಲೊಮ್ಮೆ, ಊಟದ ಹೊತ್ತಿನಲ್ಲಿ ಮತ್ತೊಮ್ಮೆ ಬಸ್ಸಿನ ಕಥೆ. ಸಂದೇಶದಲ್ಲಿ ಕೇಳಿದ ಕ್ಷಮೆ ಕೇಳಿ ಆಯಿತು. ಬಂದ ಮೇಲೆ ‘ನಮಸ್ಕಾರ ಮೇಡಂ, ಬಂದೆ. ಕಾಲ್ ಎಲ್ಲಿಯವರೆಗೆ ಬಂತು?’ ಎಂದು ಕೇಳಿ ಕೂತರೆ ಸಾಕು.

ಸಂದೇಶ ಕಳಿಸುವುದೋ, ಫೋನ್ ಮಾಡುವುದೋ? ನಿಮ್ಮಿಂದ ಆಗಬೇಕಾದ ಕೆಲಸ ಇನ್ನು ಅರ್ಧ ಗಂಟೆಯೊಳಗೆ ಇದ್ದರೆ ಫೋನ್ ಮಾಡಿ, ಮೇಲಿನ ನಾಲ್ಕು ವಾಕ್ಯಗಳನ್ನೇ ಹೇಳಿ. ಇಲ್ಲದಿದ್ದರೆ ಸಂದೇಶ ಸಾಕು. ಎದುರಿನವರು ಗಾಡಿ ಓಡಿಸುತ್ತಿರಬಹುದು, ಸಂದೇಶವಾದರೆ ನಿಂತಾಗ ನೋಡುತ್ತಾರೆ. ಕಳಿಸಿ ಹದಿನೈದು ನಿಮಿಷವಾದರೂ ನೋಡಿದ ಗುರುತು ಬರದಿದ್ದರೆ ಒಬ್ಬ ಸಹೋದ್ಯೋಗಿಗೆ ಫೋನ್ ಮಾಡಿ ವಿಷಯ ತಲುಪಿಸಿ. ನಲವತ್ತು ಜನರಿರುವ ಆಫೀಸ್ ಗ್ರೂಪಿಗೆ ಹಾಕುವುದು ಬೇಡ. ಅಲ್ಲಿ ಹಬ್ಬದ ಶುಭಾಶಯಗಳ ನಡುವೆ ನಿಮ್ಮ 10.15 ಕಳೆದುಹೋಗುತ್ತದೆ.

ಕಂಪ್ಯೂಟರ್ ಮುಂದೆ ಕೂರುವ ಕೆಲಸಕ್ಕೆ ಇದಿಷ್ಟು ಸಾಕು. ಬೇರೆ ಕೆಲಸಗಳಲ್ಲಿ ಮೂರನೆಯ ವಾಕ್ಯ ಬದಲಾಗುತ್ತದೆ. ಗಾರ್ಮೆಂಟ್ಸ್ ಕಾರ್ಖಾನೆಯನ್ನು ನೋಡಿ. ಅಲ್ಲಿ ಹೊಲಿಗೆ ಲೈನಿನಲ್ಲಿ ನಡೆಯುತ್ತದೆ. ಒಬ್ಬರು ಕಾಲರ್ ಹೊಲಿದರೆ ಅದು ಮುಂದಿನವರ ಮೆಷಿನ್ನಿಗೆ ಹೋಗುತ್ತದೆ. ಕಾಲರಿನವರು ಬರದಿದ್ದರೆ ಅವರ ಮುಂದಿನವರೆಲ್ಲ ಕೈಕಟ್ಟಿ ಕೂರಬೇಕು. ಒಂದೇ ಬಡಾವಣೆಯ ಹೆಣ್ಣುಮಕ್ಕಳು ಒಂದೇ ಬಸ್ಸಿನಲ್ಲಿ ಬರುವುದು ಸಾಮಾನ್ಯ, ಹಾಗಾಗಿ ಬಸ್ಸು ಕೆಟ್ಟರೆ ಲೈನಿನಲ್ಲಿ ಒಟ್ಟಿಗೇ ಮೂರು ನಾಲ್ಕು ಮೆಷಿನ್ ಖಾಲಿ. ಸೂಪರ್‌ವೈಸರಿಗೆ ಬೇಕಾದ ಮಾಹಿತಿ ಇದು: ‘ಸರ್, ನಮ್ಮ ಬಸ್ ಕೆಟ್ಟಿದೆ. ನಾವು ನಾಲ್ಕು ಜನ ಇದ್ದೀವಿ, ಕಾಲರ್‌ನವರು ಇಬ್ಬರು, ಕಫ್‌ನವರು ಇಬ್ಬರು. ಒಂಬತ್ತೂವರೆಗೆ ಬರ್ತೀವಿ, ಕ್ಷಮಿಸಿ ಸರ್.’ ಒಬ್ಬರು ಎಲ್ಲರ ಪರವಾಗಿ ಹೇಳಿದರೆ ಸಾಕು, ಅವರು ಬೇರೆ ಮೆಷಿನ್ನಿನವರನ್ನು ಆ ಜಾಗಕ್ಕೆ ಕೂರಿಸುತ್ತಾರೆ. ಇಲ್ಲಿ ಫೋನ್ ಮಾಡುವುದೇ ಸರಿ. ಕೆಲಸ ಶುರುವಾದ ಮೇಲೆ ಸೂಪರ್‌ವೈಸರು ಲೈನಿನಲ್ಲಿ ಓಡಾಡುತ್ತಿರುತ್ತಾರೆ, ಸಂದೇಶ ಓದಲು ಬಿಡುವಿರುವುದಿಲ್ಲ.

ಹೀಗೆ ತಿಳಿಸಿದರೂ ಸಂಬಳದಲ್ಲಿ ತಡವಾದ ಹೊತ್ತಿನ ಕಡಿತ ಆಗಬಹುದು, ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ಆದರೆ ಗೈರಾದ ಹೊತ್ತಿನ ಪ್ರಮಾಣಕ್ಕಿಂತ ಹೆಚ್ಚು ಕಡಿಯುವಂತಿಲ್ಲ ಎಂದು 1936ರ ವೇತನ ಪಾವತಿ ಕಾಯ್ದೆ ಹೇಳಿತ್ತು, 2019ರ ವೇತನ ಸಂಹಿತೆಯೂ ಅದೇ ಮಾತನ್ನು ಉಳಿಸಿಕೊಂಡಿದೆ. ಗೇಟಿನಲ್ಲಿ ಬಂದ ಸಮಯ ಸರಿಯಾಗಿ ದಾಖಲಾಯಿತೇ ಎಂದು ನೋಡಿಕೊಳ್ಳುವುದು, ದಿನಾಂಕ ಮತ್ತು ಸಮಯ ಅಚ್ಚಾಗಿರುವ ಬಸ್ ಟಿಕೆಟಿನ ಫೋಟೊ ತೆಗೆದಿಟ್ಟುಕೊಳ್ಳುವುದು ಇದಕ್ಕಾಗಿ. ಟಿಕೆಟಿನ ಮೇಲಿನ ಅಕ್ಷರ ದಿನ ಕಳೆದಂತೆ ಅಳಿಸಿಹೋಗುತ್ತದೆ. ಕೇಳದೆ ಫೋಟೊ ಕಳಿಸಬೇಡಿ. ಕೇಳುವ ಮೊದಲೇ ಸಾಕ್ಷಿ ಮುಂದಿಟ್ಟರೆ ನಿಮ್ಮನ್ನು ನಂಬುವುದಿಲ್ಲ ಎಂದು ನೀವೇ ಹೇಳಿದ ಹಾಗಾಗುತ್ತದೆ.

ಆಸ್ಪತ್ರೆಯಲ್ಲಿ ಲೆಕ್ಕ ಇನ್ನೂ ಬೇರೆ. ಬೆಳಗಿನ ಪಾಳಿಯ ನರ್ಸ್ ಬರುವವರೆಗೆ ರಾತ್ರಿ ಪಾಳಿಯವರು ವಾರ್ಡು ಬಿಟ್ಟು ಹೋಗುವಂತಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟವರು ಇನ್ನೊಂದು ಗಂಟೆ ನಿಲ್ಲಬೇಕು, ಅವರ ಮನೆಯಲ್ಲೂ ಮಗುವನ್ನು ಶಾಲೆಗೆ ಕಳಿಸುವುದಿರಬಹುದು. ಇಲ್ಲಿ ಮೇಲಿನವರಿಗೆ ತಿಳಿಸಿದರೆ ಮುಗಿಯಲಿಲ್ಲ, ವಾರ್ಡಿಗೂ ಒಂದು ಫೋನ್ ಹೋಗಬೇಕು. ಕ್ಷಮೆ ಹೆಚ್ಚು ಸಲ್ಲಬೇಕಾದದ್ದು ಆ ರಾತ್ರಿ ಪಾಳಿಯವರಿಗೇ.

ಜಿಲ್ಲೆಗಳ ಕಡೆ ಕೆಲಸಕ್ಕೆ ಹೋಗುವವರ ಕಷ್ಟ ಬೆಂಗಳೂರಿನವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಅಲ್ಲಿ ಹಿಂದಿನ ಬಸ್ಸು ಹತ್ತು ನಿಮಿಷದಲ್ಲಿ ಬರುವುದಿಲ್ಲ, ಒಂದು ಗಂಟೆಗೋ ಎರಡು ಗಂಟೆಗೋ ಬರುತ್ತದೆ. ಆಗುಂಬೆ, ಚಾರ್ಮಾಡಿಯಂಥ ಘಾಟಿಯಲ್ಲಿ ಬಸ್ಸು ನಿಂತರೆ ಫೋನಿಗೆ ಸಿಗ್ನಲ್ ಇಲ್ಲದೆಯೂ ಇರಬಹುದು. ಅಂಥ ಕಡೆ ವಾಟ್ಸ್ಆ್ಯಪ್‌ಗಿಂತ ಸಾದಾ ಎಸ್ಸೆಮ್ಮೆಸ್ ಮೇಲು. ಇಂಟರ್‌ನೆಟ್ ಇಲ್ಲದಿದ್ದರೂ ಒಂದೆರಡು ಗೀಟು ಸಿಗ್ನಲ್ ಬಂದಾಗ ಅದು ಹೋಗಿಬಿಡುತ್ತದೆ. ಸಂದೇಶ ತಡವಾಗಿ ತಲುಪಬಹುದಾದ್ದರಿಂದ ಬರೆಯುವ ಹೊತ್ತನ್ನೂ ಸೇರಿಸಬೇಕು: ‘ಸರ್, ಈಗ 8.20. ಘಾಟಿಯಲ್ಲಿ ಬಸ್ ಕೆಟ್ಟಿದೆ. ಮುಂದಿನ ಬಸ್ 9.30ಕ್ಕೆ, ಶಾಲೆಗೆ 11ಕ್ಕೆ ಬರ್ತೀನಿ. ಏಳನೇ ಕ್ಲಾಸಿನ ಮೊದಲ ಪೀರಿಯಡ್ ಯಾರಾದರೂ ನೋಡ್ಕೊಳ್ಳಲಿ. ಕ್ಷಮಿಸಿ.’ ಇದು ಒಂಬತ್ತಕ್ಕೆ ತಲುಪಿದರೂ ಹೆಡ್‌ಮಾಸ್ಟರಿಗೆ ಗೊಂದಲವಾಗುವುದಿಲ್ಲ. ‘ಇನ್ನು ಎರಡೂವರೆ ಗಂಟೆ ಆಗುತ್ತೆ’ ಎಂದು ಬರೆದಿದ್ದರೆ ಯಾವಾಗಿನಿಂದ ಎರಡೂವರೆ ಗಂಟೆ ಎಂದು ತಿಳಿಯುತ್ತಿರಲಿಲ್ಲ. ಗಡಿಯಾರದ ಸಮಯವನ್ನೇ ಬರೆಯಬೇಕು ಎನ್ನುವುದು ಇದಕ್ಕೆ.

ಎರಡನೆಯ ಸಂದೇಶ ಬೇಕಾಗುವುದು ಒಂದೇ ಸಂದರ್ಭದಲ್ಲಿ, ಹೇಳಿದ ಸಮಯ ತಪ್ಪುತ್ತದೆ ಎಂದು ಖಚಿತವಾದಾಗ. 9.50ಕ್ಕೆ ಇನ್ನೂ ಮಾರತ್ತಹಳ್ಳಿಯಲ್ಲೇ ಇದ್ದರೆ ‘ಮೇಡಂ, ಮಾರತ್ತಹಳ್ಳಿಯಲ್ಲಿದ್ದೀನಿ, 10.15 ಆಗಲ್ಲ, 10.35’ ಎಂದು ಬರೆದರೆ ಸಾಕು. ಅದನ್ನು 10.15 ಆಗುವ ಮೊದಲೇ ಕಳಿಸಬೇಕು. ಇದರಲ್ಲಿ ಇನ್ನೊಂದು ಕ್ಷಮೆ ಬೇಕಿಲ್ಲ.

ಈ ಸಂದೇಶಕ್ಕೂ ಒಂದು ಮಿತಿ ಇದೆ. ತಿಂಗಳಿಗೆ ಮೂರು ನಾಲ್ಕು ಸಲ ಇದನ್ನೇ ಕಳಿಸಬೇಕಾಗಿ ಬಂದರೆ ಅದು ಬಸ್ಸು ಕೆಟ್ಟ ವಿಷಯವಾಗಿ ಉಳಿಯುವುದಿಲ್ಲ. ಒಂದು ಬಸ್ಸು ತಪ್ಪಿದರೆ ಇಡೀ ದಿನ ತಪ್ಪುವಷ್ಟು ಬಿಗಿಯಾದ ವೇಳಾಪಟ್ಟಿಯ ವಿಷಯವಾಗುತ್ತದೆ. ಅದನ್ನು ನಿಂತ ಬಸ್ಸಿನಿಂದ ಹೇಳಿ ಬಗೆಹರಿಸಲಾಗದು. ಬಿಡುವಾದ ಒಂದು ಸಂಜೆ ಮ್ಯಾನೇಜರ್ ಜೊತೆ ಕೂತು, ‘ನಮ್ಮ ಕಡೆಯಿಂದ ಬೆಳಿಗ್ಗೆ ಒಂದೇ ಬಸ್ಸು ಇರೋದು. ಹತ್ತು ಗಂಟೆಗೆ ಬಂದು ಆರೂವರೆಗೆ ಹೋಗಬಹುದಾ?’ ಎಂದು ನೇರವಾಗಿ ಕೇಳುವುದು ಒಳ್ಳೆಯದು. ಒಪ್ಪದಿದ್ದರೆ ಹಿಂದಿನ ಬಸ್ಸಿಗೇ ಹೊರಡಬೇಕು, ಬೇರೆ ದಾರಿಯಿಲ್ಲ.

ಕೊನೆಯದಾಗಿ ಮ್ಯಾನೇಜರ್‌ಗಳಲ್ಲಿ ಒಂದು ವಿನಂತಿ. ಹೀಗೆ ಸ್ಪಷ್ಟವಾಗಿ ಬರೆದ ಸಂದೇಶ ಬಂದಾಗ ಬರೀ ಹೆಬ್ಬೆರಳಿನ ಗುರುತು ಕಳಿಸಬೇಡಿ. ಬಸ್ಸಿನಲ್ಲಿ ನಿಂತವರಿಗೆ ಅದರಿಂದ ಏನೂ ತಿಳಿಯುವುದಿಲ್ಲ, ಅವರು ಮತ್ತೆ ಸಾರಿ ಬರೆಯಲು ತೊಡಗುತ್ತಾರೆ. ‘ಸರಿ, ಕಾಲ್ 10.30ಕ್ಕೆ ಇಟ್ಟುಕೊಳ್ಳೋಣ, ಹುಷಾರಾಗಿ ಬನ್ನಿ’ ಎಂದು ಒಂದು ಸಾಲು ಬರೆಯಿರಿ. ಹೊಸಬರು ಕೆಲಸಕ್ಕೆ ಸೇರಿದ ದಿನವೇ, ತಡವಾದರೆ ಯಾರಿಗೆ ಹೇಳಬೇಕು, ಫೋನೋ ಸಂದೇಶವೋ, ಯಾವ ನಂಬರಿಗೆ ಎಂಬುದನ್ನು ತಿಳಿಸಿ ಆ ನಂಬರನ್ನು ಅವರ ಫೋನಿಗೆ ಹಾಕಿಸಿಬಿಡಿ.